ಗೆರೆ ಮಾಸಿದೆಯೋ, ಗೆರೆಯೇ ಇಲ್ಲವೋ: ಸ್ಕ್ಯಾನ್ ಟೇಬಲ್‌ನಲ್ಲಿ ರೋ-ಕಾಲಂ ಹಿಡಿಯಲು ಯಾವ ದಾರಿ?

ಸ್ಕ್ಯಾನ್ ಮಾಡಿದ ಟೇಬಲ್ ನಮ್ಮ ಕಣ್ಣಿಗೆ ಸರಿಯಾಗೇ ಕಾಣುತ್ತದೆ. ಇದು ಒಂದು ರೋ, ಇಲ್ಲಿಗೆ ಕಾಲಂ ಮುಗಿಯಿತು ಅಂತ ಒಂದೇ ನೋಟಕ್ಕೆ ಹೇಳಿಬಿಡುತ್ತೇವೆ. ಅದೇ ಪುಟವನ್ನು ಪ್ರೋಗ್ರಾಂಗೆ ಕೊಟ್ಟರೆ ಎರಡು ಕಾಲಂ ಸೇರಿ ಒಂದಾಗಿರುತ್ತವೆ, ಒಂದು ರೋ ಒಡೆದು ಎರಡಾಗಿರುತ್ತದೆ, ತೂಕದ ಅಂಕಿ ಬಂದು ಹೆಸರಿನ ಪಕ್ಕ ಕೂತಿರುತ್ತದೆ.

ಇದಕ್ಕೆ ಮೂರು ದಾರಿಗಳಿವೆ. ಮಾಸಿದ ಗೆರೆಗಳನ್ನು ಚಿತ್ರದಲ್ಲೇ ಹುಡುಕಿ ಹಿಡಿಯುವುದು ಒಂದು. ಗೆರೆಯನ್ನು ಮರೆತು, ಪದಗಳ ನಡುವಿನ ಖಾಲಿ ಜಾಗದಿಂದ ಕಾಲಂ ಊಹಿಸುವುದು ಇನ್ನೊಂದು. ಟೇಬಲ್‌ಗಳ ಮೇಲೆ ತರಬೇತಿ ಪಡೆದ ಮಾಡೆಲ್ ಬಳಸುವುದು ಮೂರನೆಯದು. ಯಾವುದು ಒಳ್ಳೆಯದು ಅಂತ ತುಂಬಾ ಜನ ಕೇಳುತ್ತಾರೆ, ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನಿಮ್ಮ ಚಿತ್ರದಲ್ಲಿ ಗೆರೆ ಮಾಸಿದೆಯೋ, ಇಲ್ಲಾ ಗೆರೆಯೇ ಇಲ್ಲವೋ? ಇವೆರಡೂ ಒಂದೇ ತೊಂದರೆಯ ಜಾಸ್ತಿ-ಕಡಿಮೆ ಅಲ್ಲ, ಬೇರೆ ಬೇರೆ ತೊಂದರೆಗಳು. ನಾನು ಈ ಕೆಲಸ ಶುರು ಮಾಡಿದಾಗ ಎರಡನ್ನೂ ಒಂದೇ ಅಂದುಕೊಂಡು ವಾರಗಟ್ಟಲೆ ಕಳೆದಿದ್ದೇನೆ, ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಪಿಕ್ಸೆಲ್‌ನಲ್ಲಿ ಗೆರೆ ಉಳಿದಿದೆಯಾ ನೋಡಿ

ಪಿಡಿಎಫ್ ಇದ್ದರೆ ಪಾಪ್ಲರ್ ಅನ್ನುವ ಪಿಡಿಎಫ್ ಸಾಧನದ ಜೊತೆ ಬರುವ ಈ ಕಮಾಂಡ್ ಓಡಿಸಿ:

```
pdfimages -list file.pdf
```

ಬರುವ ಪಟ್ಟಿಯಲ್ಲಿ `bpc` ಮತ್ತು `enc` ಅನ್ನುವ ಎರಡು ಕಾಲಂ ನೋಡಿ. `bpc` 1 ಇದ್ದು, `enc` ಅಡಿಯಲ್ಲಿ `ccitt` ಅಥವಾ `jbig2` ಇದ್ದರೆ, ಪುಟ ಬರೀ ಕಪ್ಪು-ಬಿಳಿ. ಅಂದರೆ ಪ್ರತಿ ಪಿಕ್ಸೆಲ್ ಕಪ್ಪೋ ಬಿಳಿಯೋ ಅನ್ನುವ ತೀರ್ಮಾನ ಸ್ಕ್ಯಾನ್ ಮಾಡುವಾಗಲೇ ಆಗಿಹೋಗಿದೆ. ತೆಳು ಬೂದು ಗೆರೆ ಆ ಹೊತ್ತಿಗೇ ಬಿಳಿಯಾಗಿದೆ, ಇಲ್ಲವೇ ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿ ಉಳಿದಿದೆ. ಇಂಥ ಪುಟದ ಮೇಲೆ ಕಾಂಟ್ರಾಸ್ಟ್ ಹೆಚ್ಚಿಸಿ ಏನೂ ಪ್ರಯೋಜನವಿಲ್ಲ, ಹೆಚ್ಚಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಮೂಲ ಕಾಗದ ಸಿಗುವ ಹಾಗಿದ್ದರೆ ಗ್ರೇಸ್ಕೇಲ್‌ನಲ್ಲಿ, 300 ಡಿಪಿಐಗೆ ಮತ್ತೆ ಸ್ಕ್ಯಾನ್ ಮಾಡಿಸಿ. ಸಿಗದಿದ್ದರೆ ಗೆರೆಯ ಆಸೆ ಬಿಟ್ಟು ನೇರ ಎರಡನೇ ದಾರಿಗೆ ಹೋಗಿ.

`bpc` 8 ಇದ್ದರೆ ಆಸೆ ಇದೆ. ಚಿತ್ರವನ್ನು 400% ದೊಡ್ಡದು ಮಾಡಿ, ಗೆರೆ ಇರಬೇಕಾದ ಜಾಗದ ಪಿಕ್ಸೆಲ್ ಬೆಲೆ ಎಷ್ಟು, ಪಕ್ಕದ ಖಾಲಿ ಕಾಗದದ ಬೆಲೆ ಎಷ್ಟು ಅಂತ ಓದಿಕೊಳ್ಳಿ, 0 ಅಂದರೆ ಕಪ್ಪು, 255 ಅಂದರೆ ಬಿಳಿ. ಕಾಗದ 238, ಗೆರೆ 226 ಇದ್ದರೂ ಸಾಕು, ಆ ಗೆರೆ ಸಿಗುತ್ತದೆ. ಪುಟ ಬಣ್ಣದಲ್ಲಿದ್ದರೆ ಗ್ರೇ ಮಾಡುವ ಮುಂಚೆ ಒಂದು ನಿಮಿಷ ನಿಲ್ಲಿ. ಹಳೆಯ ನಮೂನೆಗಳಲ್ಲಿ ಗೆರೆ ತಿಳಿ ನೀಲಿ ಇರುವುದು ಸಾಮಾನ್ಯ. ಕಾಗದ (245, 245, 240), ಗೆರೆ (190, 210, 250) ಅಂತ ಇಟ್ಟುಕೊಳ್ಳಿ. ಮಾಮೂಲಿ ಗ್ರೇ ಮಾಡಿದರೆ ಎರಡರ ನಡುವೆ ಸುಮಾರು 36 ಅಂತರ ಉಳಿಯುತ್ತದೆ. ಬರೀ ಕೆಂಪು ಚಾನೆಲ್ ತೆಗೆದುಕೊಂಡರೆ 55 ಸಿಗುತ್ತದೆ. ನೀಲಿ ಚಾನೆಲ್‌ನಲ್ಲಂತೂ ಗೆರೆ ಕಾಗದಕ್ಕಿಂತ ಬೆಳ್ಳಗಿರುತ್ತದೆ. ಗೆರೆ ಯಾವ ಬಣ್ಣದ್ದೋ ಅದಕ್ಕೆ ಎದುರಾದ ಚಾನೆಲ್ ಆರಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ದಾರಿ ಒಂದು: ಮಾಸಿದ ಗೆರೆಯನ್ನು ಹುಡುಕಿ ಹಿಡಿಯುವುದು

ಹೆಚ್ಚಿನ ಪಾಠಗಳಲ್ಲಿ ಹೇಳುವ ಕ್ರಮ ಹೀಗಿರುತ್ತದೆ: ಮೊದಲು ಕಪ್ಪು-ಬಿಳಿ ಮಾಡಿ, ಆಮೇಲೆ ಉದ್ದ ಕರ್ನೆಲ್ ಹಾಕಿ ಓಪನಿಂಗ್ ಮಾಡಿ, ಅಂದರೆ ಅಷ್ಟು ಉದ್ದ ಇಲ್ಲದ ಕಪ್ಪನ್ನೆಲ್ಲ ಅಳಿಸಿ, ಅಡ್ಡ ಗೆರೆ ಉದ್ದ ಗೆರೆ ಬೇರೆ ಬೇರೆ ತೆಗೆಯಿರಿ. ದಟ್ಟ ಗೆರೆಗೆ ಇದು ಚೆನ್ನಾಗಿದೆ. ಮಾಸಿದ ಗೆರೆಗೆ ಮೊದಲ ಹೆಜ್ಜೆಯಲ್ಲೇ ಕೆಲಸ ಕೆಡುತ್ತದೆ. ಕಪ್ಪು-ಬಿಳಿ ಮಾಡಲು ಬಳಸುವ ಓಟ್ಸು ವಿಧಾನ ಇಡೀ ಪುಟಕ್ಕೆ ಒಂದೇ ಗಡಿ ಹಾಕುತ್ತದೆ. ಅಕ್ಷರ 60, ಕಾಗದ 238 ಇದ್ದಾಗ ಆ ಗಡಿ ಇವೆರಡರ ನಡುವೆ ಎಲ್ಲೋ, ಹೆಚ್ಚುಕಡಿಮೆ 150ರ ಆಸುಪಾಸಿನಲ್ಲಿ ಬೀಳುತ್ತದೆ, 226ರ ಗೆರೆ ಕಾಗದದ ಜೊತೆ ಸೇರಿಹೋಗುತ್ತದೆ. ಸುತ್ತಲಿನ ಜಾಗ ನೋಡಿ ಗಡಿ ಬದಲಿಸುವ ಅಡಾಪ್ಟಿವ್ ಥ್ರೆಶೋಲ್ಡ್ ಇದಕ್ಕಿಂತ ವಾಸಿ. ಆದರೆ ಅದು ಪ್ರತಿ ಪಿಕ್ಸೆಲ್ ಅನ್ನು ಒಂದೊಂದಾಗಿ ತೀರ್ಮಾನ ಮಾಡುತ್ತದೆ. ಕಾಗದದ ತರಿಯಿಂದಲೇ ಬೆಲೆ 8ರಷ್ಟು ಏರಿಳಿಯುವಾಗ 12ರ ಅಂತರವನ್ನು ಒಂದೇ ಪಿಕ್ಸೆಲ್ ನೋಡಿ ಹೇಳುವುದು ಕಷ್ಟ ಅಲ್ವಾ? ಗೆರೆ ತುಂಡು ತುಂಡಾಗುತ್ತದೆ, ಕಾಗದದ ತುಂಬಾ ಚುಕ್ಕೆ ಬೀಳುತ್ತವೆ.

ಹಾಗಾಗಿ ಕ್ರಮ ತಿರುಗಿಸಿ. ಮೊದಲು ಸರಾಸರಿ, ಆಮೇಲೆ ತೀರ್ಮಾನ. ಗೆರೆಯ ದಿಕ್ಕಿನಲ್ಲೇ 101 ಪಿಕ್ಸೆಲ್ ಉದ್ದಕ್ಕೆ ಸರಾಸರಿ ತೆಗೆದರೆ 8ರ ಏರಿಳಿತ 101ರ ವರ್ಗಮೂಲದಷ್ಟು, ಅಂದರೆ ಹತ್ತು ಪಟ್ಟು, ಇಳಿದು 0.8 ಆಗುತ್ತದೆ. ಗೆರೆಯ 12ರ ಅಂತರ ಹಾಗೇ ಉಳಿಯುತ್ತದೆ. ಇದ್ದಕ್ಕಿದ್ದ ಹಾಗೆ ಮಾಸಿದ ಗೆರೆ ಎದ್ದು ಕಾಣತೊಡಗುತ್ತದೆ. ನಮ್ಮ ಕಣ್ಣಿಗೆ ತೆಳು ಗೆರೆ ಕಾಣುವುದಕ್ಕೂ ಅದರ ಉದ್ದವೇ ಕಾರಣ, ಒಂದೊಂದು ಚುಕ್ಕೆ ನೋಡಿ ನಾವು ಗೆರೆ ಗುರುತಿಸುವುದಿಲ್ಲ.

ಒಂದು ಅಡ್ಡಿ ಇದೆ: ಅಕ್ಷರಗಳು. ಅವು ಗೆರೆಗಿಂತ ತುಂಬಾ ಕಪ್ಪು, ಸರಾಸರಿಯನ್ನು ಎಳೆದುಬಿಡುತ್ತವೆ. ಅದಕ್ಕೆ ಮೊದಲು ಅಕ್ಷರಗಳ ಮೇಲೆ ಕಾಗದದ ಬಣ್ಣ ಬಳಿಯಬೇಕು.

```python
import cv2, numpy as np
g = cv2.imread("page.png", 0)
paper = cv2.medianBlur(g, 51)
ink = (g < 150).astype(np.uint8)
ink = cv2.dilate(ink, np.ones((7, 7), np.uint8))
g[ink > 0] = paper[ink > 0]
h = cv2.blur(g, (101, 1))
h = cv2.morphologyEx(h, cv2.MORPH_BLACKHAT, np.ones((15, 1), np.uint8))
```

ಕೊನೆಯ ಸಾಲಿನ ಬ್ಲ್ಯಾಕ್‌ಹ್ಯಾಟ್, 15 ಪಿಕ್ಸೆಲ್‌ಗಿಂತ ತೆಳ್ಳಗಿರುವ ಕಪ್ಪನ್ನು ಮಾತ್ರ ಉಳಿಸುತ್ತದೆ. ಕಾಗದದ ಮೇಲಿನ ನೆರಳು, ಹಳದಿ ಕಲೆ ಎಲ್ಲ ಅಗಲವಾಗಿರುವುದರಿಂದ ಬಿಟ್ಟುಹೋಗುತ್ತವೆ. ಬಂದ ಚಿತ್ರದಲ್ಲಿ 4 ಅಥವಾ 5ಕ್ಕಿಂತ ಹೆಚ್ಚಿರುವುದನ್ನು ಇಟ್ಟುಕೊಂಡು, ಅದರಲ್ಲೂ 150 ಪಿಕ್ಸೆಲ್‌ಗಿಂತ ಉದ್ದ ಇರುವ ತುಂಡುಗಳನ್ನು ಮಾತ್ರ ಆರಿಸಿ, ಒಂದೇ ಎತ್ತರದಲ್ಲಿರುವ ತುಂಡುಗಳನ್ನು ಸೇರಿಸಿ. ಮೇಲಿಂದ ಕೆಳಗೆ ಹೋಗುವ ಉದ್ದ ಗೆರೆಗೆ `(101, 1)` ಅನ್ನು `(1, 101)`, `(15, 1)` ಅನ್ನು `(1, 15)` ಮಾಡಿದರಾಯಿತು. ಕೋಡ್‌ನಲ್ಲಿ ಅಕ್ಷರ ಗುರುತಿಸಲು ಹಾಕಿದ 150 ಅನ್ನುವ ಗಡಿ ನನ್ನ ಪುಟಗಳಿಗೆ ಹೊಂದಿದ್ದು. ನಿಮ್ಮ ಕಾಗದ 238, ಅಕ್ಷರ 60ರ ಆಸುಪಾಸಿನಲ್ಲಿ ಇಲ್ಲದಿದ್ದರೆ ಅದನ್ನು ನೋಡಿ ಬದಲಿಸಿ. ಅಕ್ಷರವೇ ಮಾಸಿ 200ಕ್ಕೆ ಬಂದಿದ್ದರೆ ಅಕ್ಷರ ಯಾವುದು ಗೆರೆ ಯಾವುದು ಅಂತ ಬಣ್ಣದಿಂದ ಬೇರೆ ಮಾಡಲು ಆಗುವುದಿಲ್ಲ, ಆಗ ಈ ದಾರಿ ಅಷ್ಟು ಒಳ್ಳೆಯದಲ್ಲ.

ವಾಲಿಕೆ ಬಗ್ಗೆ ಹೇಳಲೇಬೇಕು. ಪುಟ ಅರ್ಧ ಡಿಗ್ರಿ ವಾಲಿದ್ದರೆ 101 ಪಿಕ್ಸೆಲ್‌ನಲ್ಲಿ ಗೆರೆ ಸುಮಾರು 0.9 ಪಿಕ್ಸೆಲ್ ಜಾರುತ್ತದೆ. ಗೆರೆಯ ದಪ್ಪ 2-3 ಪಿಕ್ಸೆಲ್ ಇರುವುದರಿಂದ ತೊಂದರೆ ಇಲ್ಲ. ಎರಡು ಡಿಗ್ರಿ ವಾಲಿದ್ದರೆ 3.5 ಪಿಕ್ಸೆಲ್ ಜಾರುತ್ತದೆ, ಗೆರೆ ಹರಡಿ ಇನ್ನೂ ತೆಳ್ಳಗಾಗುತ್ತದೆ. 401 ಪಿಕ್ಸೆಲ್ ಸರಾಸರಿ ತೆಗೆದರೆ ಇನ್ನೂ ಚೆನ್ನಾಗಿ ಬರಬಹುದು ಅಂತ ಆಸೆಪಟ್ಟರೆ ಇಲ್ಲೇ ಪೆಟ್ಟು ಬೀಳುವುದು. ಉದ್ದ ಹೆಚ್ಚಿಸುವ ಮುಂಚೆ ಪುಟ ನೆಟ್ಟಗೆ ಮಾಡಿ.

ಈ ದಾರಿಯ ದೊಡ್ಡ ಅಪಾಯ ಸಿಗದ ಗೆರೆ ಅಲ್ಲ, ಇಲ್ಲದ ಗೆರೆ ಸಿಗುವುದು. ಇಷ್ಟು ತೆಳ್ಳಗಿನದನ್ನು ಹಿಡಿಯುವ ಬಲೆಗೆ ಕಾಗದದ ಮಡಿಕೆ, ಹಿಂದಿನ ಪುಟದಿಂದ ಇಣುಕುವ ಗೆರೆ, ಸ್ಕ್ಯಾನರ್ ಗಾಜಿನ ಮೇಲೆ ಕೂತ ಧೂಳಿನ ಪಟ್ಟೆ ಎಲ್ಲವೂ ಬೀಳುತ್ತವೆ. ಧೂಳಿನ ಪಟ್ಟೆ ಗುರುತಿಸುವುದು ಸುಲಭ. ಕಾಗದವನ್ನು ತಾನೇ ಎಳೆದುಕೊಳ್ಳುವ ಸ್ಕ್ಯಾನರ್‌ನಲ್ಲಿ ಅದು ಪುಟದ ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೂ ಇರುತ್ತದೆ, ಟೇಬಲ್ ಮುಗಿದ ಮೇಲೂ ಮುಂದುವರಿಯುತ್ತದೆ. ಇನ್ನೊಂದು ಗುರುತು: ಪುಟ ವಾಲಿದ್ದರೆ ನಿಜವಾದ ಗೆರೆಗಳೂ ವಾಲಿರುತ್ತವೆ, ಪಟ್ಟೆ ಮಾತ್ರ ಪಕ್ಕಾ ನೆಟ್ಟಗೆ ನಿಂತಿರುತ್ತದೆ. ಅದಕ್ಕೇ ಪುಟ ನೆಟ್ಟಗೆ ಮಾಡುವ ಮುಂಚೆಯೇ ಒಮ್ಮೆ ಪಟ್ಟೆ ಹುಡುಕಿ ಅಳಿಸಿಬಿಡುವುದು ನನ್ನ ಅಭ್ಯಾಸ. ಮಡಿಕೆಯಂತೂ ಸಾಮಾನ್ಯವಾಗಿ ಕಾಗದದ ನಟ್ಟನಡುವೆ ಇರುತ್ತದೆ, ಅಕ್ಷರಗಳನ್ನು ಕಡಿದುಕೊಂಡು ಹೋಗುತ್ತದೆ. ನಿಜವಾದ ಗೆರೆ ಅಚ್ಚಾದ ಪದವನ್ನು ಹೀಗೆ ಕಡಿಯುವುದು ಅಪರೂಪ.

ದಾರಿ ಎರಡು: ಖಾಲಿ ಜಾಗ ಓದುವುದು

ಗೆರೆಯೇ ಇಲ್ಲದಿದ್ದಾಗ ಟೇಬಲ್ ಅನ್ನು ಟೇಬಲ್ ಮಾಡಿರುವುದು ಪದಗಳ ನಡುವಿನ ಜಾಗ. ಚಿತ್ರದಲ್ಲಿನ ಅಕ್ಷರ ಓದುವ ಓಸಿಆರ್‌ನಿಂದ ಪದಗಳ ಚೌಕಗಳನ್ನು ತೆಗೆದುಕೊಂಡು, ಎಡದಿಂದ ಬಲಕ್ಕೆ ಪ್ರತಿ ಪಿಕ್ಸೆಲ್ ಜಾಗದಲ್ಲಿ ಎಷ್ಟು ಬರಹದ ಸಾಲುಗಳು ಹಾದುಹೋಗುತ್ತವೆ ಅಂತ ಎಣಿಸಬೇಕು. ಎಣಿಕೆ ಸೊನ್ನೆ ಆಗುವ ಅಗಲವಾದ ಪಟ್ಟಿಯೇ ಎರಡು ಕಾಲಂ ನಡುವಿನ ಗಲ್ಲಿ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಪಿಡಿಎಫ್‌ನಿಂದ ಟೇಬಲ್ ತೆಗೆಯುವ ಕ್ಯಾಮೆಲಾಟ್, ಟ್ಯಾಬುಲಾ ಸಾಧನಗಳು ಕೂಡ ಇದೇ ಎರಡು ದಾರಿಗಳನ್ನು `lattice` ಮತ್ತು `stream` ಅನ್ನುವ ಹೆಸರಲ್ಲಿ ಕೊಡುತ್ತವೆ. ಆದರೆ ಅವು ಒಳಗೆ ಅಕ್ಷರ ಇರುವ ಪಿಡಿಎಫ್‌ಗೆ ಮಾಡಿದ್ದು. ಬರೀ ಚಿತ್ರ ಇರುವ ಸ್ಕ್ಯಾನ್ ಕೊಟ್ಟರೆ ಅವುಗಳ ಕೈಗೆ ಏನೂ ಸಿಗುವುದಿಲ್ಲ. ಚಿತ್ರದ ಮೇಲೆ ನೇರ ಕೆಲಸ ಮಾಡುವ ಸಿದ್ಧ ಸಾಧನ ಬೇಕಿದ್ದರೆ `img2table` ಇದೆ, ಅದರಲ್ಲಿ `borderless_tables=True` ಅಂತ ಹಾಕಬಹುದು. ಅದಕ್ಕೂ ಓಸಿಆರ್ ಕೊಡಲೇಬೇಕು.

ಈ ದಾರಿ ಹೇಳುವುದಕ್ಕೆ ತುಂಬಾ ಸರಳ. ನಿಜವಾದ ಪುಟದಲ್ಲಿ ಏನಾಗುತ್ತದೆ ಅಂತ ನಾನು ಮಾಡಿದ ಒಂದು ಪುಟವನ್ನೇ ಹತ್ತಿರದಿಂದ ತೋರಿಸುತ್ತೇನೆ.

ಅದು ಒಂದು ಯಂತ್ರದ ಹಳೆಯ ಕೈಪಿಡಿಯ ಬಿಡಿಭಾಗಗಳ ಪಟ್ಟಿ. ಗ್ರೇಸ್ಕೇಲ್, 300 ಡಿಪಿಐ. ಐದು ಕಾಲಂ: ಕ್ರಮ ಸಂಖ್ಯೆ, ಭಾಗದ ಹೆಸರು, ಅಳತೆ, ಎಷ್ಟು ಬೇಕು, ತೂಕ. 24 ರೋ, ಮೇಲೆ ಒಂದು ತಲೆಬರಹ. ಆರು ಭಾಗಗಳ ಹೆಸರು ಉದ್ದವಾಗಿ ಎರಡು ಸಾಲಿಗೆ ಮಡಚಿಕೊಂಡಿತ್ತು. ಹಾಗಾಗಿ ಒಟ್ಟು 31 ಬರಹದ ಸಾಲುಗಳು. ಉದ್ದ ಗೆರೆಗಳನ್ನು ಅಚ್ಚು ಹಾಕಿರಲೇ ಇಲ್ಲ. ಅಡ್ಡ ಗೆರೆಗಳು ಇದ್ದವು, ಆದರೆ ತುಂಬಾ ಮಾಸಿದ್ದವು.

ಪದಗಳ ನಡುವಿನ ಸಾಮಾನ್ಯ ಜಾಗ 12 ಪಿಕ್ಸೆಲ್ ಇತ್ತು. ಹಾಗಾಗಿ ಅದರ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, 25 ಪಿಕ್ಸೆಲ್ ಅಗಲ ಇದ್ದರೆ ಗಲ್ಲಿ ಅಂತ ಲೆಕ್ಕ ಹಾಕಿದೆ. ತಲೆಬರಹವನ್ನು ಎಣಿಕೆಯಿಂದ ಹೊರಗಿಟ್ಟೆ, ಏಕೆಂದರೆ ತಲೆಬರಹದ ಪದಗಳು ಹಲವು ಸಲ ತಮ್ಮ ಕಾಲಂಗಿಂತ ಅಗಲವಾಗಿರುತ್ತವೆ. ಐದು ಕಾಲಂಗೆ ನಾಲ್ಕು ಗಲ್ಲಿ ಸಿಗಬೇಕಿತ್ತು. ಸಿಕ್ಕಿದ್ದು ಎರಡು.

ಎಣಿಕೆಯ ಗ್ರಾಫ್ ಬಿಡಿಸಿ ನೋಡಿದಾಗ ಕಾರಣ ಕಂಡಿತು. ಹೆಸರು ಮತ್ತು ಅಳತೆ ನಡುವೆ ಒಂದೇ ಒಂದು ಉದ್ದ ಹೆಸರು ಚಾಚಿಕೊಂಡು ಬಂದು, ಸೊನ್ನೆ ಇರುವ ಅಗಲವನ್ನು 14 ಪಿಕ್ಸೆಲ್‌ಗೆ ಇಳಿಸಿತ್ತು. ಅಳತೆ ಮತ್ತು ‘ಎಷ್ಟು ಬೇಕು’ ಕಾಲಂ ನಡುವೆ ಸೊನ್ನೆಯೇ ಇರಲಿಲ್ಲ. 17ನೇ ರೋನಲ್ಲಿ ‘ಭಾಗ 9ರಂತೆಯೇ’ ಅಂತ ಎರಡೂ ಕಾಲಂ ಮೇಲೆ ಹಾದುಹೋಗುವ ಒಂದು ಟಿಪ್ಪಣಿ ಇತ್ತು. ಮೂವತ್ತು ಸಾಲಿನಲ್ಲಿ ಒಂದು ಸಾಲು ಹಟ ಹಿಡಿದರೆ ಕಾಲಂ ಮಾಯ.

ಹಾಗಾಗಿ ಸೊನ್ನೆಯೇ ಬೇಕು ಅನ್ನುವುದನ್ನು ಬಿಟ್ಟು, ಎಣಿಕೆ 1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗಲ್ಲಿ ಅಂತ ಮಾಡಿದೆ. ಆಗ ಮೊದಲನೆಯದು 48 ಪಿಕ್ಸೆಲ್ ಆಯಿತು, ಎರಡನೆಯದು 70. ನಾಲ್ಕೂ ಗಲ್ಲಿ ಸಿಕ್ಕವು. ಗಲ್ಲಿ ದಾಟುವ ಆ ಟಿಪ್ಪಣಿಯನ್ನು ಆಮೇಲೆ ಎರಡು ಕಾಲಂ ಸೇರಿಸಿದ ಸೆಲ್ ಅಂತ ಗುರುತು ಮಾಡಿದೆ.

ಈ ಸಡಿಲಿಕೆಗೂ ಒಂದು ಮಿತಿ ಇದೆ. ಮೂವತ್ತು ಸಾಲಿಗೆ 1 ಅನ್ನುವುದು ಸಣ್ಣದು, ಆರೇ ಸಾಲಿನ ಟೇಬಲ್‌ಗೆ ಅದೇ 1 ತುಂಬಾ ದೊಡ್ಡದು. ‘ಷರಾ’ ಕಾಲಂನಲ್ಲಿ ಒಂದೇ ಒಂದು ಸೆಲ್ ತುಂಬಿದ್ದರೆ, ಆ ಇಡೀ ಕಾಲಂ ಗಲ್ಲಿಯಾಗಿ ಕಳೆದುಹೋಗುತ್ತದೆ. ಅದಕ್ಕೆ ಸಣ್ಣ ಟೇಬಲ್‌ಗಳಲ್ಲಿ ನಾನು ಎಣಿಕೆಗಿಂತ ಅಂಚುಗಳನ್ನು ನಂಬುತ್ತೇನೆ. ಅಂಕಿಗಳ ಕಾಲಂನಲ್ಲಿ ಬಲ ಅಂಚು ಒಂದೇ ಗೆರೆಗೆ ನಿಂತಿರುತ್ತದೆ, ಹೆಸರಿನ ಕಾಲಂನಲ್ಲಿ ಎಡ ಅಂಚು. ಆರು ಪದಗಳ ಬಲ ಅಂಚು 3-4 ಪಿಕ್ಸೆಲ್ ಒಳಗೆ ಒಂದೇ ಕಡೆ ಬಿದ್ದರೆ ಅದು ಸುಮ್ನೆ ಆಗುವ ಮಾತಲ್ಲ.

ವಾಲಿಕೆ ಇಲ್ಲಿ ಮೊದಲ ದಾರಿಗಿಂತ ಹೆಚ್ಚು ಕಾಡುತ್ತದೆ. ಆ ಟೇಬಲ್‌ನ ಎತ್ತರ ಸುಮಾರು 1,700 ಪಿಕ್ಸೆಲ್ ಇತ್ತು. ಅರ್ಧ ಡಿಗ್ರಿ ವಾಲಿದ್ದರೆ ಕಾಲಂನ ತುದಿ ಮತ್ತು ಬುಡದ ನಡುವೆ 15 ಪಿಕ್ಸೆಲ್ ವ್ಯತ್ಯಾಸ ಬರುತ್ತದೆ, 14 ಪಿಕ್ಸೆಲ್‌ನ ಗಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ಹಾಗಾಗಿ ವಾಲಿಕೆಯನ್ನು 0.1 ಡಿಗ್ರಿವರೆಗೂ ತಿದ್ದಬೇಕು, ಆಗ ವ್ಯತ್ಯಾಸ 3 ಪಿಕ್ಸೆಲ್‌ಗೆ ಬರುತ್ತದೆ. ನಾನು ಮಾಡುವುದು ಸರಳ: −2ರಿಂದ +2 ಡಿಗ್ರಿವರೆಗೆ 0.1ರ ಹೆಜ್ಜೆಯಲ್ಲಿ ಪುಟ ತಿರುಗಿಸಿ, ಪ್ರತಿ ಸಲ ಅಡ್ಡಸಾಲುಗಳ ಕಪ್ಪು ಎಷ್ಟು ಅಂತ ಕೂಡಿಸಿ, ಆ ಮೊತ್ತಗಳ ಏರಿಳಿತ ಯಾವ ಕೋನದಲ್ಲಿ ಅತಿ ಹೆಚ್ಚೋ ಅದನ್ನು ಆರಿಸುತ್ತೇನೆ. ಬರಹದ ಸಾಲುಗಳು ನೆಟ್ಟಗಾದಾಗ ಕಪ್ಪು ಮತ್ತು ಬಿಳಿ ಪಟ್ಟಿಗಳು ಚೆನ್ನಾಗಿ ಬೇರೆಯಾಗುತ್ತವೆ.

ಕಾಲಂ ಆಯಿತು, ಇನ್ನು ರೋ. ಖಾಲಿ ಜಾಗದ ದಾರಿಯ ನಿಜವಾದ ಬಲಹೀನತೆ ಇರುವುದು ಇಲ್ಲಿ. ಎರಡು ಸಾಲಿಗೆ ಮಡಚಿದ ಹೆಸರಿನ ಎರಡನೇ ಸಾಲು ಹೊಸ ರೋ ಅಲ್ಲ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಸಾಲುಗಳ ನಡುವಿನ ಅಂತರ ಎಲ್ಲ ಕಡೆ 54 ಪಿಕ್ಸೆಲ್ಲೇ ಇತ್ತು, ಅದರಿಂದ ಏನೂ ತಿಳಿಯುವಂತಿರಲಿಲ್ಲ. ಆಧಾರದ ಕಾಲಂ ಒಂದನ್ನು ಆರಿಸಿಕೊಂಡರೆ ಉಳಿಯಬಹುದು: ಕ್ರಮ ಸಂಖ್ಯೆ ಇರುವ ಸಾಲು ಹೊಸ ರೋ, ಇಲ್ಲದ ಸಾಲು ಮೇಲಿನದರ ಮುಂದುವರಿಕೆ. ಕ್ರಮ ಸಂಖ್ಯೆಯನ್ನು ರೋನ ಮೊದಲ ಸಾಲಿನಲ್ಲಿ ಅಚ್ಚು ಹಾಕಿದ್ದರೆ ಇದು ಸರಿ. ಕೆಲವು ಕಡೆ ಸಂಖ್ಯೆಯನ್ನು ಸೆಲ್‌ನ ನಡುವೆ ಇಟ್ಟಿರುತ್ತಾರೆ. ಆಗ ಅದರ ಮೇಲೂ ಒಂದು ಸಾಲು, ಕೆಳಗೂ ಒಂದು ಸಾಲು ಇರುತ್ತದೆ, ನಮ್ಮ ನಿಯಮ ಮೇಲಿನ ಸಾಲನ್ನು ಹಿಂದಿನ ರೋಗೆ ಅಂಟಿಸಿಬಿಡುತ್ತದೆ. ಮೊದಲ ರೋಗೂ ಮುಂಚೆ ಒಂದು ಸಾಲು ಅನಾಥವಾಗಿ ಉಳಿದಿದ್ದರೆ ಅನುಮಾನ ಪಡಿ, ಬಹುಶಃ ಇದೇ ಆಗಿರುತ್ತದೆ.

ಓಸಿಆರ್ ತಪ್ಪಿದರೆ ಈ ದಾರಿಯೂ ತಪ್ಪುತ್ತದೆ ಅನ್ನುವುದೂ ನೆನಪಿರಲಿ. ಟೆಸೆರಾಕ್ಟ್ ಅನ್ನುವ ಓಸಿಆರ್ ಸಾಧನ ದೂರದೂರಕ್ಕೆ ಕೂತ ಒಂಟಿ ಅಂಕಿಗಳನ್ನು ಬಿಟ್ಟುಬಿಡುವುದು ಹೊಸದಲ್ಲ. ನನ್ನ ಪುಟದ ‘ಎಷ್ಟು ಬೇಕು’ ಕಾಲಂನಲ್ಲಿ ಇದ್ದದ್ದೆಲ್ಲ ‘1’, ‘2’, ‘4’. ಅದರಲ್ಲಿ ಐದು ಸೆಲ್ ಖಾಲಿ ಬಂದವು. ಇಡೀ ಚಿತ್ರವನ್ನು ಒಂದೇ ಬರಹದ ತುಂಡು ಅಂತ ಓದಿಸುವ `--psm 6` ಹಾಕಿದ ಮೇಲೆ ಮೂರು ಸಿಕ್ಕವು. ಉಳಿದ ಎರಡನ್ನು ಆ ಸೆಲ್ ಮಾತ್ರ ಕತ್ತರಿಸಿ, ಒಂದೇ ಅಕ್ಷರ ಇದೆ ಅಂತ ಹೇಳುವ `--psm 10` ಹಾಕಿ ಓದಿಸಿದೆ. ಚುಕ್ಕೆಗಳ ಸಾಲು ಎಳೆದು ಹೆಸರಿನಿಂದ ಅಂಕಿಗೆ ದಾರಿ ತೋರಿಸುವ ಟೇಬಲ್‌ಗಳಲ್ಲಂತೂ ಆ ಚುಕ್ಕೆಗಳನ್ನು ಮೊದಲೇ ಅಳಿಸದಿದ್ದರೆ ಗಲ್ಲಿ ಅನ್ನುವುದೇ ಇರುವುದಿಲ್ಲ.

ಎರಡನ್ನೂ ಜೋಡಿಸಿದಾಗ

ಆ ಪುಟದಲ್ಲಿ ನನ್ನನ್ನು ಕಾಪಾಡಿದ್ದು ಮಾಸಿದ ಅಡ್ಡ ಗೆರೆಗಳು. ತಲೆಬರಹ ಸೇರಿ 25 ರೋ, ಅಂದರೆ 26 ಅಡ್ಡ ಗೆರೆ ಇರಬೇಕು. ಮೇಲೆ ಹೇಳಿದ ಸರಾಸರಿ ವಿಧಾನದಲ್ಲಿ 23 ಸಿಕ್ಕವು. ಮಡಚಿದ ಆರೂ ಹೆಸರುಗಳು ಸರಿಯಾಗಿ ಒಂದೊಂದೇ ರೋನಲ್ಲಿ ಕೂತವು, ಏಕೆಂದರೆ ಅವುಗಳ ಎರಡು ಸಾಲಿನ ನಡುವೆ ಗೆರೆ ಇರಲಿಲ್ಲ. ಸಿಗದ ಮೂರು ಗೆರೆಗಳ ಕಡೆ ಎರಡೆರಡು ರೋ ಒಂದಾಗಿದ್ದವು. ಅದನ್ನು ಹಿಡಿಯಲು ಒಂದೇ ಪರೀಕ್ಷೆ ಸಾಕಾಯಿತು: ಒಂದು ರೋನಲ್ಲಿ ಒಂದೇ ಕ್ರಮ ಸಂಖ್ಯೆ ಇರಬೇಕು. ಎರಡು ಇದ್ದರೆ ಎರಡನೇ ಸಂಖ್ಯೆ ಶುರುವಾಗುವ ಸಾಲಿನ ಮೇಲಿನ ಖಾಲಿ ಪಟ್ಟಿಯಲ್ಲಿ ಕತ್ತರಿಸು. ಅಷ್ಟೇ. ಗೆರೆಗಳಿಂದ ರೋ, ಜಾಗದಿಂದ ಕಾಲಂ, ಕ್ರಮ ಸಂಖ್ಯೆಯಿಂದ ತಾಳೆ.

ಒಂದೇ ಟೇಬಲ್‌ಗೆ ಒಂದೇ ವಿಧಾನ ಇರಬೇಕು ಅಂತ ಯಾರೂ ಹೇಳಿಲ್ಲ. ರೋ ಮತ್ತು ಕಾಲಂ ಎರಡು ಬೇರೆ ಕೆಲಸ, ಬೇರೆ ಬೇರೆ ಆರಿಸಿ.

ದಾರಿ ಮೂರು: ತರಬೇತಿ ಪಡೆದ ಮಾಡೆಲ್

ಇಲ್ಲಿ ಹೆಚ್ಚು ಬಳಕೆಯಲ್ಲಿರುವುದರಲ್ಲಿ ಮೈಕ್ರೋಸಾಫ್ಟ್‌ನವರ ಟೇಬಲ್ ಟ್ರಾನ್ಸ್‌ಫಾರ್ಮರ್ ಒಂದು. ಇದು ಗೆರೆಯನ್ನೂ ಹುಡುಕುವುದಿಲ್ಲ, ಗಲ್ಲಿಯನ್ನೂ ಎಣಿಸುವುದಿಲ್ಲ. ಟೇಬಲ್‌ನ ಚಿತ್ರ ನೋಡಿ ರೋ, ಕಾಲಂ, ಕಾಲಂ ತಲೆಬರಹ, ಹಲವು ಕಾಲಂ ಮೇಲೆ ಹರಡಿದ ಸೆಲ್ ಇವುಗಳಿಗೆ ನೇರ ಚೌಕ ಹಾಕಿಕೊಡುತ್ತದೆ. ರೋ ಮತ್ತು ಕಾಲಂ ಕೂಡುವ ಕಡೆ ಸೆಲ್. ಒಳಗಿನ ಅಕ್ಷರ ಓದಲು ಓಸಿಆರ್ ಬೇರೆ ಬೇಕು.

ಇದರ ಬಲ ತಲೆಬರಹದಲ್ಲಿದೆ. ಮೂರು ಕಾಲಂ ಮೇಲೆ ಒಂದು ದೊಡ್ಡ ತಲೆಬರಹ, ಅದರ ಕೆಳಗೆ ಮೂರು ಸಣ್ಣವು, ಇಂಥ ಕಡೆ ಮೊದಲ ಎರಡು ದಾರಿಗೆ ನಿಯಮದ ಮೇಲೆ ನಿಯಮ ಬರೆಯಬೇಕಾಗುತ್ತದೆ. ಮಾಡೆಲ್ ಅದನ್ನು ತಾನೇ ನೋಡಿಕೊಳ್ಳುತ್ತದೆ. ಬೇರೆ ಬೇರೆ ಕಡೆಯಿಂದ ಬಂದ, ಒಂದೊಂದೂ ಒಂದೊಂದು ಥರ ಇರುವ ಸಾವಿರ ಟೇಬಲ್ ಇದ್ದರೆ ನಾನೂ ಇದನ್ನೇ ಮೊದಲು ಹಾಕುತ್ತೇನೆ.

ಆದರೆ ಇದು ಕಲಿತದ್ದು ಪಬ್‌ಟೇಬಲ್ಸ್-1ಎಂ ಅನ್ನುವ ಸಂಗ್ರಹದಿಂದ. ಅದರಲ್ಲಿ ಇರುವುದು ವಿಜ್ಞಾನ ಲೇಖನಗಳ ಹತ್ತಿರ ಹತ್ತಿರ ಹತ್ತು ಲಕ್ಷ ಟೇಬಲ್, ಕಂಪ್ಯೂಟರ್‌ನಲ್ಲೇ ಹುಟ್ಟಿದ ಶುದ್ಧ ಪುಟಗಳು. ಗೆರೆ ಕಡಿಮೆ ಇರುವ ಟೇಬಲ್ ಅದಕ್ಕೆ ಚೆನ್ನಾಗಿ ಗೊತ್ತು, ಕಲೆ, ಮಡಿಕೆ, ವಾಲಿಕೆ ಗೊತ್ತಿಲ್ಲ. ಅದು ಕೊಡುವ ಚೌಕಗಳು ಯಾವಾಗಲೂ ನೆಟ್ಟಗೇ ಇರುವುದರಿಂದ ವಾಲಿದ ಪುಟದಲ್ಲಿ ಒಂದು ರೋನ ಚೌಕದೊಳಗೆ ಪಕ್ಕದ ರೋನ ಪದ ನುಗ್ಗುತ್ತದೆ. ಹಾಗಾಗಿ ಮಾಡೆಲ್ ಬಳಸಿದರೂ ಪುಟ ನೆಟ್ಟಗೆ ಮಾಡುವ ಕೆಲಸ ತಪ್ಪುವುದಿಲ್ಲ.

ಉದ್ದ ಟೇಬಲ್‌ಗಳಲ್ಲಿ ಇನ್ನೊಂದು ತೊಂದರೆ. ಚಿತ್ರದ ಉದ್ದ ಬದಿಯನ್ನು 1,000 ಪಿಕ್ಸೆಲ್‌ಗೆ ಇಳಿಸಿ ಒಳಗೆ ಕೊಡುತ್ತಾರೆ. 3,500 ಪಿಕ್ಸೆಲ್ ಎತ್ತರದ ಟೇಬಲ್‌ನಲ್ಲಿ 50 ಪಿಕ್ಸೆಲ್ ಇದ್ದ ರೋ ಆಗ 14 ಪಿಕ್ಸೆಲ್ ಆಗುತ್ತದೆ. ಜೊತೆಗೆ ಈ ಮಾಡೆಲ್ ಒಂದು ಸಲಕ್ಕೆ 125ಕ್ಕಿಂತ ಹೆಚ್ಚು ಚೌಕ ಕೊಡಲಾರದು, ರೋ, ಕಾಲಂ, ತಲೆಬರಹ ಎಲ್ಲ ಅದರಲ್ಲೇ ಬರಬೇಕು. ಉದ್ದ ಟೇಬಲ್ ಇದ್ದರೆ ಒಂದು ತುಂಡಿನ ಕೊನೆಯ ಮೂರು-ನಾಲ್ಕು ರೋ ಮುಂದಿನ ತುಂಡಿನಲ್ಲೂ ಬರುವ ಹಾಗೆ ತುಂಡು ಮಾಡಿ ಕೊಡಿ, ಕಾಲಂಗಳನ್ನು ಮಾತ್ರ ಎಲ್ಲ ತುಂಡಿಗೂ ಒಂದೇ ಇಟ್ಟುಕೊಳ್ಳಿ. ಟೇಬಲ್ ಅನ್ನು ಅಂಚಿಗೆ ಸರಿಯಾಗಿ ಕತ್ತರಿಸಬೇಡಿ, ಸುತ್ತ ಒಂದಿಷ್ಟು ಬಿಳಿ ಜಾಗ ಬಿಡಿ. ಅಂಚಿಗೆ ಕತ್ತರಿಸಿದಾಗ ಮೊದಲ ಅಥವಾ ಕೊನೆಯ ರೋ ಬಿಟ್ಟುಹೋಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಅದೇ ಬಿಡಿಭಾಗಗಳ ಪಟ್ಟಿಯನ್ನು ಇದಕ್ಕೂ ಕೊಟ್ಟೆ. ಐದೂ ಕಾಲಂ ಮೊದಲ ಸಲವೇ ಬಂದವು, ನಾನು ಎಣಿಕೆ ಸಡಿಲಿಸಿ ಪಡೆದದ್ದನ್ನು ಅದು ಸಲೀಸಾಗಿ ಕೊಟ್ಟಿತು. ತಲೆಬರಹವೂ ಸರಿ. ರೋನಲ್ಲಿ ಮಾತ್ರ ಎಡವಿತು: ಮಡಚಿದ ಆರು ಹೆಸರುಗಳಲ್ಲಿ ಎರಡನ್ನು ಬೇರೆ ರೋ ಅಂತ ಒಡೆಯಿತು, ಒಂದು ಕಡೆ ಎರಡು ರೋ ಚೌಕಗಳು ಅರ್ಧರ್ಧ ಒಂದರ ಮೇಲೊಂದು ಬಿದ್ದವು.

ಮಾಡೆಲ್‌ನ ತಪ್ಪಿನಲ್ಲಿ ಕಷ್ಟವಾದದ್ದು ಏನೆಂದರೆ, ಏಕೆ ತಪ್ಪಿತು ಅಂತ ಕೇಳಲು ಆಗುವುದಿಲ್ಲ. ಗಲ್ಲಿ ಸಿಗದಿದ್ದರೆ ಗ್ರಾಫ್ ತೋರಿಸುತ್ತದೆ, 17ನೇ ರೋನ ಟಿಪ್ಪಣಿ ಅಂತ ಬೆರಳಿಟ್ಟು ಹೇಳಬಹುದು. ಇಲ್ಲಿ ಅದಿಲ್ಲ. ಒಂದೇ ನಮೂನೆಯ ಐನೂರು ಪುಟ ಇದ್ದರೆ ನಾನು ಮೊದಲೆರಡು ದಾರಿಯನ್ನೇ ಆರಿಸುವುದಕ್ಕೆ ಇದೇ ಕಾರಣ. ಒಂದು ಪುಟದಲ್ಲಿ ತಿದ್ದಿದ್ದು ಐನೂರಕ್ಕೂ ತಾಗುತ್ತದೆ.

ತಪ್ಪಾಗಿದೆ ಅಂತ ತಿಳಿಯುವುದು ಹೇಗೆ

ಯಾವ ದಾರಿ ಆರಿಸಿದರೂ ಈ ಕೆಲವನ್ನು ನಾನು ಬಿಡುವುದಿಲ್ಲ. ಓಸಿಆರ್ ಕೊಟ್ಟ ಪ್ರತಿ ಪದವೂ ಯಾವುದಾದರೂ ಒಂದೇ ಸೆಲ್‌ನಲ್ಲಿ ಬಿದ್ದಿದೆಯಾ ಅಂತ ಎಣಿಸುತ್ತೇನೆ. ಎಲ್ಲೂ ಬೀಳದ ಪದ ಇದ್ದರೆ ರೋ ಅಥವಾ ಕಾಲಂ ಒಂದು ಬಿಟ್ಟುಹೋಗಿದೆ. ಗಡಿ ಪದದ ನಡುವೆ ಹಾದುಹೋದರೆ ಗಡಿ ತಪ್ಪಿದೆ, ಅಥವಾ ಅದು ಸೇರಿಸಿದ ಸೆಲ್. ತೂಕದ ಕಾಲಂನಲ್ಲಿ ಅಕ್ಷರ ಬಂದರೆ, ಒಂದೇ ಸೆಲ್‌ನಲ್ಲಿ ಎರಡು ಅಂಕಿ ಬಂದರೆ, ಕ್ರಮ ಸಂಖ್ಯೆ 11 ಆದ ಮೇಲೆ 13 ಬಂದರೆ ಅಲ್ಲೇ ನಿಂತು ಚಿತ್ರ ನೋಡುತ್ತೇನೆ. ಕೆಳಗೆ ಒಟ್ಟು ಮೊತ್ತ ಅಚ್ಚಾಗಿದ್ದರೆ ಕೂಡಿಸಿ ತಾಳೆ ನೋಡುವುದಕ್ಕಿಂತ ಗಟ್ಟಿ ಪರೀಕ್ಷೆ ಇಲ್ಲ. ಆದರೆ ಅದೂ ಕಾಲಂ ಮಾತ್ರ ಕಾಯುತ್ತದೆ: ಎರಡು ರೋನ ತೂಕ ಅದಲುಬದಲಾಗಿದ್ದರೆ ಮೊತ್ತ ಸರಿಯಾಗೇ ಇರುತ್ತದೆ.

ದೊಡ್ಡ ಕೆಲಸ ಶುರು ಮಾಡುವ ಮುಂಚೆ ಹತ್ತು ಪುಟ ಆರಿಸಿ. ಚೆನ್ನಾಗಿರುವ ಹತ್ತು ಬೇಡ, ಅತಿ ಮಾಸಿದ ಮೂರು, ಅತಿ ಉದ್ದದ ಎರಡು ಅದರಲ್ಲಿರಲಿ. ರೋ ಮತ್ತು ಕಾಲಂ ಗಡಿಗಳನ್ನು ಕೈಯಾರೆ ಗುರುತು ಮಾಡಿ, ಮೂರೂ ದಾರಿಯಲ್ಲಿ ಓಡಿಸಿ, ತಪ್ಪಿದ ಗಡಿಗಳನ್ನು ರೋಗೆ ಬೇರೆ, ಕಾಲಂಗೆ ಬೇರೆ ಎಣಿಸಿ. ಒಟ್ಟಾರೆ ಅಂಕ ಒಂದೇ ನೋಡಿದರೆ ನನ್ನ ಆ ಪುಟದಲ್ಲಿ ಮಾಡೆಲ್ ಮತ್ತು ಖಾಲಿ ಜಾಗದ ವಿಧಾನ ಹೆಚ್ಚುಕಡಿಮೆ ಸಮ ಅಂತ ಕಾಣುತ್ತಿತ್ತು. ಬೇರೆ ಬೇರೆ ಎಣಿಸಿದಾಗಲೇ ಒಂದರ ಕಾಲಂ ಇನ್ನೊಂದರ ರೋ ಜೊತೆ ಜೋಡಿಸಬಹುದು ಅಂತ ಹೊಳೆದದ್ದು. ಎರಡು ದಾರಿಗಳು ಒಪ್ಪದ ಪುಟಗಳನ್ನು ಬೇರೆ ಫೋಲ್ಡರ್‌ಗೆ ಹಾಕಿ, ಅವನ್ನು ಮಾತ್ರ ಕಣ್ಣಿಂದ ನೋಡಿ. ಗೆರೆ 4ಕ್ಕಿಂತ ಕಡಿಮೆ ಅಂತರದಲ್ಲಿ ಮಾಸಿ, ಸೆಲ್‌ಗಳೂ ಅರ್ಧ ಖಾಲಿ ಇರುವ ಪುಟಗಳು ಅಲ್ಲಿಗೇ ಬಂದು ಸೇರುತ್ತವೆ. ಅವನ್ನು ಕೈಯಲ್ಲೇ ಟೈಪ್ ಮಾಡುವುದು ಬೇಗ.